ಅರ್ಜಿಯ ಮೇಲೊಂದು ರೆವಿನ್ಯೂ ಸ್ಟಾಂಪು

ನಾನು ಜನ್ಮದಲ್ಲಿ ಬರೆದ ಮೊದಲ ಖಾರವಾದ ಬರಹವನ್ನು, ಓದಲೇಬೇಕಾದವರು ಓದಲಿಲ್ಲ. ಅವರು ಓದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು ಅನ್ನುವುದು ಆಮೇಲೆ ಗೊತ್ತಾದದ್ದು.

ಎಂಬತ್ತರ ದಶಕದ ಶುರು. ಮನೆ ಮಾಕಳಿಯಲ್ಲಿ, ಪಾಲಿಟೆಕ್ನಿಕ್ ಪೀಣ್ಯದ ಹತ್ತಿರ. ಅಪ್ಪ ಇಲ್ಲ. ಅಮ್ಮ ಪೀಣ್ಯದಲ್ಲೇ ಒಂದು ಸ್ವಿಚ್ಚು ಮಾಡುವ ಕಾರ್ಖಾನೆಯಲ್ಲಿ ಬೆಂಚಿನ ಮುಂದೆ ಕೂತು ಸ್ಪ್ರಿಂಗು ಕೂರಿಸುವ ಕೆಲಸದಲ್ಲಿದ್ದಳು. ಬೆಳಿಗ್ಗೆ ತುಮಕೂರು ರಸ್ತೆಯ ಬಸ್ಸಿನಲ್ಲಿ ಇಬ್ಬರೂ ಒಟ್ಟಿಗೇ ನೇತಾಡುತ್ತಿದ್ದೆವು. ಅವಳ ಪಕ್ಕದ ಬೆಂಚು ಖಾಲಿಯಿತ್ತು. ಮಗಳನ್ನು ಕರಕೊಂಡು ಬಾ ಅಂತ ಸೂಪರ್‌ವೈಸರ್ ಆಗಾಗ ಹೇಳುತ್ತಲೇ ಇದ್ದ. ಪರೀಕ್ಷೆ ಫೀಸು ಕಟ್ಟಲಾಗದಿದ್ದರೆ ಆ ಬೆಂಚೇ ಗತಿ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ಫೀಸಿಗೆ ಇದ್ದದ್ದು ಒಂದೇ ದಾರಿ, ಇಲಾಖೆಯಿಂದ ಬರುವ ಸ್ಕಾಲರ್‌ಶಿಪ್.

ಅದೋ, ದೀಪಾವಳಿಗೆ ಬರಬೇಕಾದದ್ದು ಶಿವರಾತ್ರಿ ಕಳೆದರೂ ಬಂದಿರಲಿಲ್ಲ. ಅಕೌಂಟ್ಸ್ ಸೆಕ್ಷನ್ನಿನ ಕಿಟಕಿಗೆ ಹೋಗಿ ಕೇಳಿದರೆ, ಬಿಲ್ಲು ಖಜಾನೆಗೆ ಹೋಗಿದೆ ಅನ್ನುವರು. ಮುಂದಿನ ವಾರ ಹೋದರೆ, ಖಜಾನೆಯವರು ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದ್ದಾರೆ, ಸರಿಮಾಡಿ ಮತ್ತೆ ಕಳಿಸಬೇಕು ಅನ್ನುವರು. ಹೇಳುತ್ತಿದ್ದವರು ಒಬ್ಬ ಗುಮಾಸ್ತರು. ತಲೆ ಎತ್ತದೆ ಮಾತಾಡುವುದರಲ್ಲಿ ಅವರದು ಪಳಗಿದ ಕೈ, ಅಲ್ಲ, ಪಳಗಿದ ಕತ್ತು.

ಒಂದು ಸಂಜೆ ನನಗೆ ರೇಗಿತು. ಲೆಕ್ಕದ ಪುಸ್ತಕದಿಂದ ಹಾಳೆ ಹರಿದು ಅರ್ಜಿ ಬರೆದೆ. 'ತಮಗೆ ತಿಂಗಳು ತಿಂಗಳು ಸಂಬಳ ತಪ್ಪದೆ ಬರುವುದರಿಂದ ಕಾಯುವುದು ಎಂದರೇನೆಂದು ತಿಳಿದಿರಲಾರದು. ನನ್ನ ವಿದ್ಯಾರ್ಥಿವೇತನವು ಈವರೆಗೆ ನನ್ನ ಕೈಸೇರಿಲ್ಲ. ನಾನು ಮುದುಕಿಯಾಗುವ ಮೊದಲು ಸೇರಿದರೆ ಉಪಕಾರ.' ಬರೆದು ಅಮ್ಮನಿಗೆ ಓದಿ ಹೇಳಿದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಆಮೇಲೆ ಗಂಭೀರವಾಗಿ ಸ್ಟಾಂಪು ಎಲ್ಲಿ ಅಂತ ಕೇಳಿದಳು.

ಅವಳ ಕಾರ್ಖಾನೆಯಲ್ಲಿ ಸಂಬಳದ ದಿನ ರಿಜಿಸ್ಟರಿಗೆ ರೆವಿನ್ಯೂ ಸ್ಟಾಂಪು ಅಂಟಿಸಿ, ಅದರ ಮೇಲೆ ಹೆಬ್ಬೆಟ್ಟು ಒತ್ತಿದ ಮೇಲೇ ದುಡ್ಡು ಕೈಗೆ. ಸ್ಟಾಂಪಿಲ್ಲದೆ ಸಂಬಳ ಬಂದದ್ದನ್ನು ಅವಳು ಕಂಡೇ ಇರಲಿಲ್ಲ.

"ಬರೀ ಕಾಗ್ದ ಕೊಟ್ರೆ ಯಾವನ್ ಕೊಡ್ತಾನೆ ದುಡ್ಡ? ಸ್ಟಾಂಪು ಅಂಟ್ಸಿ ಅದ್ರು ಮ್ಯಾಲೆ ಸೈನ್ ಆಕು. ಇಲ್ದಿದ್ರೆ ಅವ್ರು ಇಂಗೇ ಆಟ ಆಡುಸ್ತಾರೆ," ಅಂದಳು.

ದುಡ್ಡು ಕೇಳುವುದಕ್ಕಲ್ಲ, ದುಡ್ಡು ಮುಟ್ಟಿತು ಅನ್ನುವುದಕ್ಕೆ ಸ್ಟಾಂಪು ಅಂತ ನನಗಾದರೂ ಹೊಳೆಯಬೇಕಿತ್ತು. ಡಿಪ್ಲೊಮಾ ಓದುವವಳು ಅಂತ ಬೀಗುತ್ತಿದ್ದವಳಿಗೆ ಹೊಳೆಯಲಿಲ್ಲ. ಅಮ್ಮ ಅಂಚೆ ಕಚೇರಿಯಿಂದ ತಂದ ಇಪ್ಪತ್ತು ಪೈಸೆಯ ಸ್ಟಾಂಪನ್ನು ನಾಲಿಗೆಗೆ ತಾಗಿಸಿ ಅಂಟಿಸಿದೆ. ಅದರ ಮೇಲೆ ಅಡ್ಡಡ್ಡ ಸಹಿ ಜಡಿದೆ. ನಾಲ್ಕು ಮಡಿಕೆ ಮಾಡಿ, ಸ್ಟಾಂಪು ಮೇಲೆ ಕಾಣುವ ಹಾಗೆ ಕಿಟಕಿಯಲ್ಲಿ ಕೊಟ್ಟು ಬಂದೆ. ಗುಮಾಸ್ತರು ತಲೆ ಎತ್ತಲಿಲ್ಲ.

ಮರುದಿನವೇ ಮೈಯೆಲ್ಲ ಗುಳ್ಳೆ. ಸೀತಾಳೆ ಸಿಡುಬು, ಊರ ಮಾತಿನಲ್ಲಿ 'ಅಮ್ಮ' ಆಗಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿ, ತುರಿಸಿಕೊಳ್ಳಬೇಡ ಅಂತ ಬೈಸಿಕೊಳ್ಳುತ್ತಾ ಮೂರು ವಾರ ಕಳೆದೆ. ನೀರು ಹಾಕಿಸಿಕೊಂಡು ಎದ್ದು ಪಾಲಿಟೆಕ್ನಿಕ್ಕಿಗೆ ಹೋದರೆ ಆಗಲೇ ಏಪ್ರಿಲ್. ನೋಟಿಸ್ ಬೋರ್ಡಿನಲ್ಲಿ ಎರಡು ಕಾಗದ. ಒಂದು, ದಂಡದ ಸಮೇತ ಪರೀಕ್ಷೆ ಫೀಸು ಕಟ್ಟಲು ಇವತ್ತೇ ಕೊನೆ ದಿನ ಅಂತ. ಇನ್ನೊಂದು ಹಳೆಯದು, ಸ್ಕಾಲರ್‌ಶಿಪ್ ಬಂದಿದೆ, ಮಾರ್ಚ್ ಮೂವತ್ತೊಂದರೊಳಗೆ ಪಡೆಯದವರ ಹಣ ಖಜಾನೆಗೆ ವಾಪಸ್ ಅಂತ.

ವಾಪಸ್ ಹೋದ ಹಣವನ್ನು ಮತ್ತೆ ತರಿಸಬೇಕಾದರೆ ಹೊಸದಾಗಿ ಮಂಜೂರಾತಿ, ಹೊಸ ಬಿಲ್ಲು, ಮತ್ತೆ ಅದೇ ಖಜಾನೆ. ಅಷ್ಟು ಹೊತ್ತಿಗೆ ನಾನು ಸ್ಪ್ರಿಂಗು ಕೂರಿಸುವುದರಲ್ಲಿ ಅಮ್ಮನನ್ನೂ ಮೀರಿಸಿರುತ್ತಿದ್ದೆ. ಆದರೂ ಕಿಟಕಿಗೆ ಹೋದೆ. ಗುಮಾಸ್ತರು ಬಟವಾಡೆ ಪಟ್ಟಿ ತೆಗೆದು ಬೆರಳು ಆಡಿಸಿ, ನಿನ್ನದು ಆಗಲೇ ಕೊಟ್ಟಾಗಿದೆ, ರಸೀದಿಯೂ ಇದೆ ಅಂದರು.

ಅಲ್ಲಿಂದ ಮುಂದಿನದು ಜಗಳ. ಗುಳ್ಳೆಯ ಕಲೆ ತುಂಬಿದ ಮುಖ, ಹರಿದ ಗಂಟಲು. ನಾನು ಮಲಗಿದಲ್ಲಿಂದ ಬಂದು ತೆಗೆದುಕೊಂಡೆನೇ ಅಂತ ಕೇಳಿದೆ. ಬರಲಾಗದವರು ಸ್ಟಾಂಪು ಹಚ್ಚಿದ ರಸೀದಿ ಕಳಿಸುವುದು, ಲೆಕ್ಚರರ್ ಯಾರಾದರೂ ಅವರ ಪರವಾಗಿ ಹಣ ಒಯ್ಯುವುದು ಅಲ್ಲಿ ರೂಢಿ, ಹಾಗೇ ಹೋಗಿರಬೇಕು ಅಂತ ಅವರ ವಾದ. ಯಾವ ಲೆಕ್ಚರರ್ ಅಂದರೆ ಮತ್ತೆ ಪಟ್ಟಿಯ ಮೇಲೆ ಬೆರಳು ಆಡಿಸಿದರು.

ಅಷ್ಟರಲ್ಲಿ ಒಳಗೆ ಹಣದ ಪೆಟ್ಟಿಗೆಯ ಪಕ್ಕ ಕೂತಿದ್ದ ಕ್ಯಾಷಿಯರ್ ಎದ್ದು ಬಂದರು. ತೆಳ್ಳಗಿನ ಮನುಷ್ಯ, ಹಣೆ ತುಂಬ ವಿಭೂತಿ. ಗುಮಾಸ್ತರನ್ನು ಪಕ್ಕಕ್ಕೆ ಸರಿಸಿ ನನ್ನನ್ನೇ ಕೇಳಿದರು.

"ನಿಂದು ಎಷ್ಟಮ್ಮ ಬರ್ಬೇಕಿತ್ತು?"

"ಇನ್ನೂರ ನಲವತ್ತು ಸಾರ್."

ಅವರು ಗೋಡೆ ಹಿಡಿದುಕೊಂಡರು. ಮೂವತ್ತೊಂದರ ಸಂಜೆ, ಉಳಿದ ಹಣಕ್ಕೆ ಚಲನ್ ಬರೆದು ಖಜಾನೆಗೆ ಕಟ್ಟಿ, ವರ್ಷದ ಲೆಕ್ಕ ಮುಗಿಸಿದ ಮೇಲೆ ಅವರ ಪೆಟ್ಟಿಗೆಯಲ್ಲಿ ಸರಿಯಾಗಿ ಅಷ್ಟೇ ಹಣ ಹೆಚ್ಚಿಗೆ ಬಂದಿತ್ತಂತೆ. ಅಂದಿನಿಂದ ಊಟ ಸೇರಿಲ್ಲವಂತೆ.

"ಕಮ್ಮಿ ಬಂದ್ರೆ ಕೈಯಿಂದ ಕಟ್ಟಿ ಸುಮ್ನಾಗ್ಬಹುದು ಕಣಮ್ಮ. ಹೆಚ್ಗೆ ಬಂದ್ರೆ ಯಾರಿಗೆ ಏನಂತ ಹೇಳ್ಲಿ? ಯಾರದೋ ಮಕ್ಕಳ ಅನ್ನ ನನ್ ಪೆಟ್ಟಿಗೇಲಿ ಕೂತಿದೆ ಅಂತ ಗೊತ್ತು, ಯಾರದು ಅಂತ ಗೊತ್ತಿಲ್ಲ," ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಬೈಯಲು ಕೂಡಿಟ್ಟುಕೊಂಡಿದ್ದ ಮಾತೆಲ್ಲ ಅಲ್ಲೇ ಕರಗಿತು.

ಗಲಾಟೆ ಕೇಳಿ ಆ ಸೆಕ್ಷನ್ನಿನ ಸೂಪರಿಂಟೆಂಡೆಂಟರು ಬಂದರು. ರಸೀದಿಗಳ ಕಟ್ಟು ಬಿಚ್ಚಿಸಿದರು. ನನ್ನ ರಸೀದಿ ಅಂತ ಹೊರಬಂದದ್ದು ನನ್ನ ಅರ್ಜಿ. ಮಡಿಕೆಯನ್ನೂ ಬಿಚ್ಚದೆ, ಮೇಲಿನ ಸ್ಟಾಂಪು ಮತ್ತು ಸಹಿ ನೋಡಿ ಗುಮಾಸ್ತರು ಅದನ್ನು ಆ ಕಟ್ಟಿಗೆ ಸೇರಿಸಿ, ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ರಸೀದಿ ಲಗತ್ತು' ಅಂತ ಬರೆದುಬಿಟ್ಟಿದ್ದರು. ಹಣ ಕ್ಯಾಷಿಯರ್ ಕೊಟ್ಟಿದ್ದಾರೆ ಅಂತ ಗುಮಾಸ್ತರು ತಿಳಿದರು, ಪಟ್ಟಿಯಲ್ಲಿ ರಸೀದಿ ಅಂತ ಇರುವವರಿಗೆಲ್ಲ ಮುಟ್ಟಿದೆ ಅಂತ ಕ್ಯಾಷಿಯರ್. ಸೂಪರಿಂಟೆಂಡೆಂಟರು ಮಡಿಕೆ ಬಿಚ್ಚಿ ಗಟ್ಟಿಯಾಗಿ ಓದಿದರು. ಮುದುಕಿಯಾಗುವ ಮೊದಲು ಅನ್ನುವಲ್ಲಿಗೆ ಬಂದಾಗ ಇಡೀ ಸೆಕ್ಷನ್ನು ನಕ್ಕಿತು. ಗುಮಾಸ್ತರು ಆ ದಿನ ಮೊದಲ ಬಾರಿಗೆ ತಲೆ ಎತ್ತಿ ನನ್ನ ಮುಖ ನೋಡಿದರು. ಅವರ ಕಣ್ಣುಗಳು ಚೆನ್ನಾಗಿದ್ದವು, ಪಾಪ.

ಅರ್ಜಿಯನ್ನು ಅರ್ಜಿಯೆಂದೇ ಓದಿದ್ದರೆ ಏನಾಗುತ್ತಿತ್ತು ಅಂತ ಸೂಪರಿಂಟೆಂಡೆಂಟರೇ ಬಿಡಿಸಿ ಹೇಳಿದರು. ನನ್ನ ಹೆಸರಿನ ಮುಂದಿನ ಜಾಗ ಖಾಲಿ ಇರುತ್ತಿತ್ತು, ಖಾಲಿ ಇದ್ದವರ ಹಣ ಮೂವತ್ತೊಂದಕ್ಕೆ ಖಜಾನೆ ಸೇರಿತು. ನನ್ನ ಕ್ಲಾಸಿನ ಇನ್ನಿಬ್ಬರದು ಹಾಗೇ ಹೋಗಿತ್ತು. ನನ್ನದನ್ನು ಹಿಡಿದಿಟ್ಟದ್ದು ಆ ಒಂದು ಸ್ಟಾಂಪು.

ಅವರು ಪಟ್ಟಿಯ ಅಂಚಿನಲ್ಲಿ ನಡೆದದ್ದನ್ನು ಬರೆದು ಸಹಿ ಹಾಕಿದರು. ಪಟ್ಟಿಯಲ್ಲಿ ನಾನು ಸಹಿ ಮಾಡಲು ಹೊಸ ಸ್ಟಾಂಪು ಬೇಕಿತ್ತು, ಕ್ಯಾಷಿಯರ್ ತಮ್ಮ ಜೇಬಿನಿಂದ ಕೊಟ್ಟರು. ಪಕ್ಕದ ಕಿಟಕಿಯಲ್ಲಿ ಫೀಸು ಕಟ್ಟಿ ಹೊರಗೆ ಬಂದಾಗ ಹೊಟ್ಟೆ ಹಸಿಯುತ್ತಿತ್ತು.

ಸಂಜೆ ಬಸ್ ಸ್ಟಾಪಿನಲ್ಲಿ ಅಮ್ಮ ಕಾಯುತ್ತಿದ್ದಳು. ದುಡ್ಡು ಬಂತು, ಫೀಸು ಕಟ್ಟಿದೆ ಅಂದೆ. ಅವಳು ನನ್ನ ಕಲೆಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆರಳ ತುದಿಗಳು ಸ್ಪ್ರಿಂಗು ಒತ್ತಿ ಒತ್ತಿ ಒರಟಾಗಿದ್ದವು.

"ನಾನ್ ಯೋಳಿರ್ಲಿಲ್ವಾ, ಸ್ಟಾಂಪು ಆಕುದ್ರೆ ಕೊಡ್ತಾರೆ ಅಂತ?"

ಹೌದಮ್ಮ, ಅದಕ್ಕೇ ಕೊಟ್ಟರು ಅಂದೆ. ಸ್ಟಾಂಪು ಯಾತಕ್ಕೆ ಅಂತ ಗೊತ್ತಾದ ಮೇಲೂ ಅವಳ ಮಾತಿಗೆ ನಾನು ಎದುರಾಡಲಿಲ್ಲ.