ಸರ್ ತಿದ್ದಿದ ಟಿಪ್ಪಣಿ

ಗೋಕಾಕದ ಕಾಲೇಜಿನಲ್ಲಿ ನಾನು ಭೂಗೋಳದ ಅತಿಥಿ ಉಪನ್ಯಾಸಕಿ. ನೀರಾವರಿ ಹೊಲಗಳು ಕೆಡುವ ಬಗ್ಗೆ ಬಂದಿದ್ದ ಇಂಗ್ಲಿಷ್ ಸಂಶೋಧನಾ ಲೇಖನವೊಂದನ್ನು ಹುಡುಗರಿಗಾಗಿ ಕನ್ನಡದಲ್ಲಿ ನಾಲ್ಕು ಪುಟಕ್ಕೆ ಇಳಿಸಿದ್ದೆ. ಎರಡು ಪದಗಳನ್ನು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಕರಗುವ ಉಪ್ಪು ಹೆಚ್ಚಾದದ್ದು ಲವಣ ಮಣ್ಣು. ಬಸಿಗಾಲುವೆ ತೋಡಿ, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಹೊರಹಾಕಬೇಕು. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡದ್ದು ಕ್ಷಾರ ಮಣ್ಣು. ಅದಕ್ಕೆ ಮೊದಲು ಜಿಪ್ಸಂ ಬೇಕು. ಪ್ರತಿ ಸಾಲಿನಲ್ಲೂ ಅವೇ ಪದ.

ಭಾಷೆ ನೋಡಿಕೊಡಿ ಎಂದು ಕನ್ನಡ ವಿಭಾಗದ ಸರ್‌ಗೆ ಕೊಟ್ಟೆ. ಹುಕ್ಕೇರಿಯಿಂದ ಬಸ್ಸಿನಲ್ಲಿ ಬರುವ ಅವರು ನನಗೂ ಪಾಠ ಹೇಳಿದವರು. ಒಂದೇ ಪದ ಎರಡು ಸಲ ಬಂದರೆ ನಿಬಂಧದ ಅಂಕ ಕತ್ತರಿಸುತ್ತಿದ್ದವರು. ಅವರು ತಿದ್ದಿ, ಝೆರಾಕ್ಸ್ ಮಾಡಿಸಿ ಹಂಚಿಯೂ ಬಿಟ್ಟರು. ಗುರುಗಳು ನೋಡಿದ್ದಾರಲ್ಲ ಎಂದು ನಾನು ಹಾಯಾಗಿದ್ದೆ.

ಮರುದಿನ ಮಸಗುಪ್ಪಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಅವರ ಹೊಲದ ಮಣ್ಣು ಪರೀಕ್ಷೆಯಲ್ಲಿ ಲವಣ ಮಣ್ಣು ಎಂದು ಬಂದಿತ್ತಂತೆ.

"ಲವಣ ಅಂದ್ರೂ ಕ್ಷಾರ ಅಂದ್ರೂ ಒಂದ ಅಲ್ಲೇನ್ರಿ ಮ್ಯಾಡಮ್? ಟಿಪ್ಪಣಿ ಓದಿ ಹೇಳೇನಿ. ಅಪ್ಪ ಇವತ್ತ ಮೂಡಲಗಿಗೆ ಜಿಪ್ಸಂ ತರಾಕ ಹೊಂಟಾರ್ರಿ."

ಅವಳ ಟಿಪ್ಪಣಿಯ ಪುಟ ತಿರುವಿದೆ. ಲವಣ ಮಣ್ಣಿನ ಭಾಗದಲ್ಲಿ ಮೊದಲ ಸಾಲಿಗೆ ಲವಣ ಮಣ್ಣು, ಎರಡನೆಯದಕ್ಕೆ ಸವಳು ಭೂಮಿ, ಮೂರನೆಯದಕ್ಕೆ ಕ್ಷಾರ ನೆಲ. ಓದಲು ಎಷ್ಟು ಚಂದ! ಕೆಳಗಿನ ಭಾಗದಲ್ಲಿ, ಕ್ಷಾರ ಮಣ್ಣಿಗೆ ಮೊದಲು ಜಿಪ್ಸಂ ಹಾಕಿರಿ ಎಂದಿತ್ತು.

ಈಗಲೇ ಅಪ್ಪನಿಗೆ ಫೋನ್ ಹಚ್ಚು ಎಂದೆ. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಗಾಡಿ ಮೇಲಿರಬೇಕು ಎಂದಳು. ತರಗತಿಯ ಉಳಿದವರ ಮನೆಯಲ್ಲೂ ಹೊಲಗಳಿವೆ, ಅವರೆಲ್ಲ ಏನು ಹೇಳಿದ್ದಾರೋ. ಗುರುಗಳಿಗೆ ತಪ್ಪಾಗಿದೆ ಎನ್ನುವುದು ಹೇಗೆ? ಬಾಯಲ್ಲಿ ಬಿಸಿ ತುಪ್ಪ. ಅಷ್ಟರಲ್ಲಿ ಫೋನಿನ ಆಚೆಯಿಂದ ದನಿ ಕೇಳಿತು. ಅಪ್ಪ ಅಂಗಡಿಯ ಮುಂದೆಯೇ ಇದ್ದರು, ಇನ್ನೂ ಕೊಂಡಿರಲಿಲ್ಲ. ಜಿಪ್ಸಂ ಬೇಡ ಎಂದು ಹೇಳಿ ಹುಡುಗಿ ಬೆವರು ಒರೆಸಿಕೊಂಡಳು. ನಾನೂ.

ಸರ್ ಹತ್ತಿರ ಹೋಗಿ ನಿಂತೆ. ಎರಡು ಮಣ್ಣಿನ ಭೇದ ಹೇಳಿದೆ. ಅವರು ತಮ್ಮ ಸಾಲುಗಳನ್ನು ಮತ್ತೆ ಮತ್ತೆ ಓದಿದರು. ಮುಖ ಬಿಗಿದಿತ್ತು. ಮುಗೀತು ನನ್ನ ಕಥೆ ಎಂದುಕೊಂಡೆ.

"ನೀ ಮೊದಲ ಬರದಿದ್ದು ಐತೇನವಾ?" ಎಂದರು. ಕೊಟ್ಟೆ.

ಅದನ್ನು ಹಿಡಿದು ನೇರ ನನ್ನ ತರಗತಿಗೆ ನಡೆದರು. ತಾವು ಹಂಚಿದ ಹಾಳೆಗಳನ್ನು ವಾಪಸು ಇಸಿದುಕೊಂಡರು.

"ಇದರಾಗ ನಾ ತಪ್ಪ ಮಾಡೇನಿ. ಈಗ ಹೇಳೂದನ್ನ ಹಂಗ ಬರಕೋರಿ."

ನನ್ನ ನಾಲ್ಕು ಪುಟವನ್ನು ನಿಂತೇ ಓದಿ ಬರೆಸಿದರು. ಲವಣ ಮಣ್ಣು, ಲವಣ ಮಣ್ಣು, ಲವಣ ಮಣ್ಣು. ಒಂದನ್ನೂ ಬದಲಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿದ್ದ ನನಗೆ ಅಳು ತಡೆಯಲಾಗಲಿಲ್ಲ.