ಇನ್ನೂರೈವತ್ತು ಪದದೊಳಗೆ ಅಂಜಮ್ಮ

ಮುಳಬಾಗಿಲಿನ ಅಂಚೆ ಕಚೇರಿಯ ತಂತಿ ಗುಮಾಸ್ತ ಗಂಗುಲಪ್ಪನಂಥ ಜಿಪುಣ ಆ ಸೀಮೆಯಲ್ಲೇ ಇರಲಿಲ್ಲ. ಜಿಪುಣತನ ಮಾತಿನಲ್ಲಿ ಮಾತ್ರ. ಕಿಟಕಿಯ ಮುಂದೆ ನಿಂತು ಜನ ಅತ್ತು ಕರೆದು ಹೇಳಿದ್ದನ್ನೆಲ್ಲ ಇಂಗ್ಲಿಷಿನ ಎಂಟು ಪದಕ್ಕೆ ಇಳಿಸಿಬಿಡುತ್ತಿದ್ದ. "ಅಳೋದನ್ನ ತಂತೀಲಿ ಕಳ್ಸಕ್ಕಾಗಲ್ಲ ಕಣಮ್ಮ, ಸುದ್ದಿ ಹೇಳು" ಅನ್ನುತ್ತಿದ್ದ.

ಅವನ ಹೆಂಡತಿ ಅಂಜಮ್ಮ ತೀರಿಕೊಂಡ ಎರಡನೇ ವರ್ಷ, ಅಂದರೆ ನಲವತ್ತೊಂದನೇ ಇಸವಿಯಲ್ಲಿ, ಬೆಂಗಳೂರಿನ ಒಂದು ಮಾಸಪತ್ರಿಕೆ ಪ್ರಬಂಧದ ಸ್ಪರ್ಧೆ ಇಟ್ಟಿತು. ವಿಷಯ 'ನನ್ನ ಮನೆ'. ಇನ್ನೂರೈವತ್ತು ಪದ; ಒಂದು ಹೆಚ್ಚಾದರೂ ಓದುವುದಿಲ್ಲವಂತೆ. ಮಕ್ಕಳಿಲ್ಲ, ಹೆಂಡತಿಯದೊಂದು ಪಟವೂ ಇಲ್ಲ. ಅಚ್ಚಿನಲ್ಲಾದರೂ ಅವಳು ಉಳಿಯಲಿ ಎಂದು ಗಂಗುಲಪ್ಪ ಬರೆದ. ಬರೆದು ಎಣಿಸಿದರೆ ಮುನ್ನೂರ ನಲವತ್ತೆರಡು.

ಕಡೆಯ ದಿನ ಬಂತು. ಸಂಜೆಯ ಕೋಲಾರದ ಬಸ್ಸಿಗೆ ಟಪಾಲು ಹೋಗಬೇಕು. ಗಂಗುಲಪ್ಪ ಕೆಂಪು ಪೆನ್ಸಿಲು ಹಿಡಿದು ಕೂತ. ಕೈಗೆ ಹತ್ತಿದ ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಹೇಳಿದ್ದನ್ನೇ ಹೇಳಿದ ಕಡೆಯೆಲ್ಲ ಗೀಟು ಬಿತ್ತು. ಸಂಜೆ ಅವನು ಮೆಟ್ಟಿಲು ಹತ್ತುವಾಗ ಅಂಜಮ್ಮ ಒಳಗಿಂದಲೇ "ಬಂದ್ರಾ?" ಅನ್ನುತ್ತಿದ್ದಳು. ಅದು ಮೂರು ಕಡೆ ಇತ್ತು. ಮೂರೂ ಹೋದವು. ಕುರುಡುಮಲೆ ಗಣಪತಿಯ ಸ್ತುತಿ, ಜ್ವರ ಬಂದ ತಾರೀಖು, ಡಾಕ್ಟರ ಮಾತು ಉಳಿದವು. ಸರಿಯಾಗಿ ಇನ್ನೂರೈವತ್ತು!

ಹಿಗ್ಗಿನಿಂದ ಅಂಚೆಯ ಮುನಿಯಲ್ಲಪ್ಪನನ್ನು ಕೂರಿಸಿಕೊಂಡು ಓದಿದ. ಅವನು ಆ ಮನೆಯಲ್ಲಿ ಎಷ್ಟೋ ಸಲ ಮಜ್ಜಿಗೆ ಕುಡಿದಿದ್ದವನು. ಕೇಳಿ, ಚೀಲ ಹೆಗಲಿಗೆ ಏರಿಸಿದ.

"ತಂತಿ ಓದ್ದಂಗಿದೆ ಸ್ವಾಮಿ. ಅಮ್ಮ ಸತ್ತಿದ್ದು ಗೊತ್ತಾಯ್ತು. ಇದ್ದಿದ್ದು ಗೊತ್ತಾಗ್ಲಿಲ್ಲ."

ಗಂಗುಲಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ಕಾಗದ ನೋಡಿದರೆ ಅವಳು ಎಲ್ಲೂ ಇಲ್ಲ. ತಾನೇ ಅವಳನ್ನು ಇನ್ನೊಂದು ಸಲ ಕಳಿಸಿಕೊಟ್ಟೆನಲ್ಲ ಎಂದುಕೊಂಡ.

ಮತ್ತೆ ಕೂತ. ಗಣಪತಿಯ ಕ್ಷಮೆ ಕೇಳಿ ಸ್ತುತಿಯನ್ನು ಹೊಡೆದುಹಾಕಿದ. ತಾರೀಖು, ಡಾಕ್ಟರು, 'ನಾನು ಬಹಳ ದುಃಖಪಟ್ಟೆ' ಎಂಬುದು, ಕಡೆಗೆ 'ಅವಳು ತೀರಿಕೊಂಡಳು' ಎಂಬ ವಾಕ್ಯವೂ ಹೋಯಿತು. ಮೂರು "ಬಂದ್ರಾ?" ಮೂರು ಸಂಜೆಯ ಜೊತೆಗೆ ತಮ್ಮ ತಮ್ಮ ಜಾಗಕ್ಕೆ ಬಂದವು. ಕೊನೆಗೆ ಬರೆದ: 'ಈಗ ನಾನೇ ಬೀಗ ತೆಗೆಯುತ್ತೇನೆ. ಯಾರೂ ಕೇಳುವುದಿಲ್ಲ.'

ಎಣಿಸಿದ. ಇನ್ನೂರ ನಲವತ್ತೆಂಟು. ಇನ್ನೆರಡು ಪದಕ್ಕೆ ಜಾಗವಿತ್ತು. ತುಂಬಲು ಮನಸ್ಸು ಬರಲಿಲ್ಲ. ಲಕೋಟೆ ಅಂಟಿಸಿ, ಮುದ್ರೆ ಒತ್ತಿ, ತಾನೇ ಕೋಲಾರದ ಟಪಾಲು ಚೀಲಕ್ಕೆ ಹಾಕಿದ. ಬಸ್ಸು ಹೊರಟಿತು.

ಸಂಜೆ ಮನೆಗೆ ಹೋಗಿ ಮೆಟ್ಟಿಲು ಹತ್ತಿದ. ಬೀಗ ತೆಗೆದ. ಒಳಗೆ ಕತ್ತಲಾಗುತ್ತಿತ್ತು. ಎರಡು ವರ್ಷದಿಂದ ಸದ್ದಿಲ್ಲದೆ ದಾಟುತ್ತಿದ್ದ ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ನಿಂತ.

"ಬಂದೆ ಕಣೇ" ಅಂದ.