ರವಿಕೆಗೆ ಮೊದಲು ಗ್ರಾಫು

"ಅಮ್ಮಾ, ದೊಡ್ಡಮ್ಮ ಹೀಗೇ ಕರಗ್ತಾ ಹೋದ್ರೆ ಆಮೇಲೆ ಕಾಣಿಸೋದೇ ಇಲ್ವಾ?" ಎಂದು ಮಗಳು ಕೇಳಿದಳು. ಹೆರಿಗೆಯ ತೂಕವೇ ಇನ್ನೂ ಇಳಿಯದ ನನಗೆ ಹೊಟ್ಟೆ ಉರಿಯಿತು.

ಅವಳ ದೊಡ್ಡಮ್ಮ, ಅಂದರೆ ನನ್ನ ಓರಗಿತ್ತಿ, ಟೈಲರ್. ಐದು ವಾರದಲ್ಲಿ ಅವಳ ತಮ್ಮನ ಮದುವೆ. ತನ್ನ ರವಿಕೆಗೆಂದು ಇದ್ದ ಒಂದೇ ತುಂಡು ರೇಷ್ಮೆಯನ್ನು, ಈಗಿನ ಮೈಗಲ್ಲ, ಮದುವೆ ಹೊತ್ತಿಗೆ ಆಗಲಿರುವ ಅರವತ್ತಾರು ಕೆಜಿಯ ಮೈಗೆ ಕತ್ತರಿಸಲು ನಿಂತಿದ್ದಳು.

"ಡಯಟ್ ಶುರು ಮಾಡಿದ ಮೊದಲ್ನೇ ವಾರಾನೇ ಎರಡು ಕೆಜಿ ಹೋಯ್ತು ಕಣೇ. ಇನ್ನು ಐದು ಯಾವ ಲೆಕ್ಕ!" ಎಂದು ಫಿಟ್‌ನೆಸ್ ಆಪ್‌ನ ತೂಕದ ಗ್ರಾಫಿನ ಸ್ಕ್ರೀನ್‌ಶಾಟ್ ತೋರಿಸಿದಳು.

ಕತ್ತರಿಸಲಿ, ಬಿಗಿಯಾಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೂ ದಿನದಿನದ ಚುಕ್ಕೆಗಳನ್ನು ಬಿಟ್ಟು, ಅವುಗಳ ನಡುವೆ ಹಾಯುವ ಗೆರೆಯನ್ನು ನೋಡಿದೆ. ಕಳೆದ ನಾಲ್ಕು ವಾರದಲ್ಲಿ ಅದು 72.6ರಿಂದ 71ಕ್ಕೆ ಇಳಿದಿತ್ತು.

"ಅಕ್ಕಾ, ಮೊದಲು ಹೋಗಿದ್ದು ಹೆಚ್ಚಾಗಿ ನೀರು. ಈಗ ಇಳೀತಿರೋದು ವಾರಕ್ಕೆ ನಾನೂರು ಗ್ರಾಂ. ಹೀಗೇ ಹೋದ್ರೆ ಮದುವೆಗೆ ಅರವತ್ತೊಂಬತ್ತು. ಅರವತ್ತಾರಕ್ಕೆ ಹನ್ನೆರಡು ಹದಿಮೂರು ವಾರ ಬೇಕು."

"ನಿಂಗೆ ಹೊಟ್ಟೆಕಿಚ್ಚು!"

"ಇದೆ. ಆದ್ರೆ ಗೆರೆ ಎಳೆದಿದ್ದು ನಾನಲ್ವಲ್ಲ."

ಅವಳು ಗೆರೆಯನ್ನು ಮತ್ತೊಮ್ಮೆ ನೋಡಿ ಕತ್ತರಿ ಕೆಳಗಿಟ್ಟಳು. ಟೇಪನ್ನು ನನ್ನ ಕೈಗೆ ಕೊಟ್ಟಳು.

"ಬಾ, ಈಗಿರೋ ಅಳತೇನೇ ತಗೋ. ಆಮೇಲೆ ಇಳಿದ್ರೆ ಹೊಲಿಗೆ ಒಳಗೆ ಹಿಡಿದು ಬಿಗಿ ಮಾಡ್ತೀನಿ. ಎಷ್ಟು ಇಂಚು ಅಂತ ಮಾತ್ರ ಜೋರಾಗಿ ಹೇಳ್ಬೇಡ ಮಾರಾಯ್ತಿ, ಹೊರಗೆ ಗಿರಾಕಿಗಳಿದ್ದಾರೆ."